ಅರ್ಜಿ ಹಾಕಿದ್ದಾಯಿತು, ಉತ್ತರ ಎಲ್ಲಿ?

ಅದು 2025ರ ಫೆಬ್ರವರಿ ಮೊದಲ ವಾರ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದರೂ ಯಾರಿಗೂ ಕೇಳಿಸುತ್ತಿರಲಿಲ್ಲ. ಮೊಮ್ಮಗಳ ಮೊಬೈಲ್ ‘ಟಿಣ್’ ಎಂದರೆ ಮಾತ್ರ ಎಲ್ಲರೂ ಒಟ್ಟಿಗೆ ತಿರುಗಿ ನೋಡುತ್ತಿದ್ದೆವು. ಬಿ.ಕಾಂ. ಮುಗಿಸಿದ ಅವಳು ಪೀಣ್ಯದ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದ ಕೆಲಸಕ್ಕೆ 3ನೇ ತಾರೀಕು ಸೋಮವಾರ ಅರ್ಜಿ ಹಾಕಿದ್ದಳು. ಗುರುವಾರದ ಹೊತ್ತಿಗೆ ಅವಳ ತಾಳ್ಮೆ ಮುಗಿದಿತ್ತು.

“ತಾತ, ಮೂರು ದಿನ ಆಯ್ತು. ಒಂದು ರಿಮೈಂಡರ್ ಮೇಲ್ ಹಾಕಿಬಿಡ್ಲಾ?”

“ತಡಿ ಪುಟ್ಟಿ” ಎಂದೆ. ಹಾಗೆ ಹೇಳುವುದಕ್ಕೆ ನನ್ನದೇ ಒಂದು ಕಥೆ ಕಾರಣ.

ನಾನು ಕೆಲಸ ಹುಡುಕುತ್ತಿದ್ದ ಕಾಲದಲ್ಲಿ ಅರ್ಜಿ ಎಂದರೆ ಕಾಗದದ ಅರ್ಜಿ. ಜೊತೆಗೆ ನಮ್ಮದೇ ವಿಳಾಸ ಬರೆದು, ಸ್ಟಾಂಪ್ ಅಂಟಿಸಿದ ಖಾಲಿ ಲಕೋಟೆಯನ್ನೂ ಇಡಬೇಕಿತ್ತು. ಒಂದು ಕಾರ್ಖಾನೆಗೆ ಅರ್ಜಿ ಕಳಿಸಿ, ಆಮೇಲೆ ಎರಡು ದಿನಕ್ಕೊಂದರಂತೆ ನಾಲ್ಕು ಕಾರ್ಡು ಬರೆದೆ. ಕೆಲಸ ಸಿಗಲಿಲ್ಲ. ಅಲ್ಲಿದ್ದ ಒಬ್ಬ ಗುಮಾಸ್ತರು ಆಮೇಲೊಮ್ಮೆ ಸಿಕ್ಕಾಗ ನಗುತ್ತಾ ಹೇಳಿದರು: “ನಿಮ್ಮ ಪ್ರತಿ ಕಾರ್ಡಿಗೂ ಆವಕ ಪುಸ್ತಕದಲ್ಲಿ ಬೇರೆ ಬೇರೆ ನಂಬರ್ ಬಿತ್ತು ಸ್ವಾಮಿ. ಅರ್ಜಿ ಒಂದು ಕಡೆ, ಕಾರ್ಡುಗಳು ಇನ್ನೊಂದು ಕಡೆ. ಎಲ್ಲವನ್ನೂ ಕೂಡಿಸಿ ನೋಡೋಕೆ ಯಾರಿಗೆ ಪುರುಸೊತ್ತು?”

ಈಗ ಆವಕ ಪುಸ್ತಕವಿಲ್ಲ, ಮೇಲ್ ಇದೆ. ಆದರೆ ತಪ್ಪು ಮಾಡುವ ರೀತಿ ಹಾಗೇ ಉಳಿದಿದೆ. ಅರ್ಜಿ ಹಾಕಿದವರು ತಾವು ಕಳಿಸಿದ ದಿನದಿಂದ ಲೆಕ್ಕ ಹಾಕುತ್ತಾರೆ. ಕಂಪನಿಯವರ ಲೆಕ್ಕ ಶುರುವಾಗುವುದು ಬೇರೆ ದಿನದಿಂದ.

ಇದನ್ನು ನನಗಿಂತ ಚೆನ್ನಾಗಿ ಬಿಡಿಸಿ ಹೇಳಿದವನು ಆರನೇ ಕ್ಲಾಸಿನ ನನ್ನ ಮೊಮ್ಮಗ. “ಅಕ್ಕ, ನಾನು ಟೆಸ್ಟ್ ಪೇಪರ್ ಮೊದಲು ಕೊಟ್ಟುಬಿಟ್ಟು, ಮಿಸ್ ಎಷ್ಟು ಮಾರ್ಕ್ಸು ಅಂತ ಕೇಳಿದ್ರೆ, ಎಲ್ಲರೂ ಕೊಡ್ಲಿ ಕೂತ್ಕೋ ಅಂತಾರೆ.” ಅಷ್ಟೇ ವಿಷಯ. ಜಾಹೀರಾತು ತೆಗೆದು ನೋಡಿದೆವು. ಅರ್ಜಿಗೆ ಕೊನೆಯ ದಿನ ಫೆಬ್ರವರಿ 14, ಶುಕ್ರವಾರ. ಅಲ್ಲಿಯವರೆಗೆ ಬಹಳಷ್ಟು ಕಂಪನಿಗಳು ಅರ್ಜಿಗಳನ್ನು ಒಟ್ಟುಗೂಡಿಸುತ್ತವೆ ಅಷ್ಟೆ. ಆಮೇಲೆ ಎಚ್.ಆರ್. ವಿಭಾಗದವರು ಜರಡಿ ಹಿಡಿದು ಒಂದು ಪಟ್ಟಿ ಮಾಡಿ, ಕೆಲಸ ಕೊಡುವ ವಿಭಾಗದ ಮುಖ್ಯಸ್ಥರಿಗೆ ಕಳಿಸುತ್ತಾರೆ. ಪಟ್ಟಿ ಹೆಚ್ಚಾಗಿ ನಿಲ್ಲುವುದು ಆ ಮೇಜಿನ ಮೇಲೆಯೇ. ಮುಖ್ಯಸ್ಥರು ಊರಲ್ಲಿ ಇಲ್ಲದಿರಬಹುದು, ತಿಂಗಳ ಕೊನೆಯ ಲೆಕ್ಕದಲ್ಲಿ ಮುಳುಗಿರಬಹುದು, ಸಂಬಳದ ಮೊತ್ತಕ್ಕೆ ಮೇಲಿನವರ ಒಪ್ಪಿಗೆ ಬಾರದಿರಬಹುದು. ಮೂರನೇ ದಿನಕ್ಕೆ ಬರೆದ ಮೇಲ್‌ಗೆ ಎಚ್.ಆರ್.ನವರು ಬಯಸಿದರೂ ಉತ್ತರ ಕೊಡಲಾರರು. ಅವರಿಗೇ ಇನ್ನೂ ಏನೂ ಗೊತ್ತಿರುವುದಿಲ್ಲ.

ಹಾಗಾಗಿ ಕೊನೆಯ ದಿನಾಂಕ ದಾಟಿದ ಮೇಲೆ ಒಂದು ವಾರದಿಂದ ಹತ್ತು ಕೆಲಸದ ದಿನ ಬಿಟ್ಟು ಕೇಳುವುದು ವಾಡಿಕೆ. ಶನಿವಾರ, ಭಾನುವಾರ, ಹಬ್ಬದ ರಜೆ ಲೆಕ್ಕಕ್ಕಿಲ್ಲ. ಜಾಹೀರಾತಿನಲ್ಲಿ ಕೊನೆಯ ದಿನವೇ ಇಲ್ಲದಿದ್ದರೆ ಅರ್ಜಿ ಹಾಕಿದ ದಿನದಿಂದ ಎರಡು ವಾರ ಕಾಯಬಹುದು. ನಾವು ಕ್ಯಾಲೆಂಡರ್ ಇಳಿಸಿ ಎಣಿಸಿದೆವು. 17ರ ಸೋಮವಾರ ಒಂದು ಎಂದರೆ 25ರ ಮಂಗಳವಾರಕ್ಕೆ ಏಳು. 26 ಶಿವರಾತ್ರಿ, ರಜೆ. ಸೋಮವಾರ ಬೆಳಗ್ಗೆ ಎಲ್ಲರ ಮೇಲ್ ಪೆಟ್ಟಿಗೆಯೂ ತುಂಬಿರುತ್ತದೆ ಎಂದು ಅದನ್ನು ಬಿಟ್ಟು, 25ನ್ನೇ ಗೊತ್ತು ಮಾಡಿಕೊಂಡೆವು.

ನಮ್ಮ ಪಕ್ಕದ ಮನೆಯವರು ಒಪ್ಪಲಿಲ್ಲ. “ಸುಧಾಮೂರ್ತಿಯವರು ಸೀದಾ ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೀಲಿಲ್ವೆ? ಹತ್ತು ದಿನದೊಳಗೆ ತಂತಿ ಬರಲಿಲ್ವೆ? ನೀವೂ ಮಾಲೀಕರಿಗೇ ಬರೀರಿ” ಎಂದರು. ಆ ಕಥೆ ನಿಜವೇ. 1974ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದಾಗ ಅವರು ಟೆಲ್ಕೋ ಕಂಪನಿಯ ಪ್ರಕಟಣೆ ನೋಡಿದರು. ಮಹಿಳೆಯರು ಅರ್ಜಿ ಹಾಕುವಂತಿಲ್ಲ ಎಂದು ಅದರಲ್ಲಿತ್ತು. ಅದಕ್ಕೇ ಕಾರ್ಡು ಬರೆದರು, ಪುಣೆಗೆ ಸಂದರ್ಶನಕ್ಕೆ ಕರೆ ಬಂತು. ಆದರೆ ಅದು ‘ನನ್ನ ಅರ್ಜಿ ಏನಾಯಿತು’ ಎಂದು ಕೇಳಿದ ಕಾರ್ಡಲ್ಲ, ಅನ್ಯಾಯದ ನಿಯಮವನ್ನು ಪ್ರಶ್ನಿಸಿದ ಕಾರ್ಡು. ಅರ್ಜಿ ಎಲ್ಲಿಗೆ ಬಂತು ಎಂದು ಕೇಳುವುದಕ್ಕೆ ಮಾಲೀಕರನ್ನು ಎಬ್ಬಿಸಿದರೆ, ನಡುವೆ ಕೂತು ಕೆಲಸ ಮಾಡುತ್ತಿರುವ ಎಚ್.ಆರ್.ನವರಿಗೆ ಬೇಸರವಾದೀತು.

24ರ ಸಂಜೆ ಇನ್ನೊಂದು ವಿಷಯ ಹೊರಬಿತ್ತು. ಅರ್ಜಿ ತಲುಪಿದೆ ಎಂಬ ಉತ್ತರ 3ನೇ ತಾರೀಕೇ ಬಂದು ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿತ್ತು! ಮೊಮ್ಮಗಳು ಅಲ್ಲಿ ಇಣುಕಿಯೇ ಇರಲಿಲ್ಲ. ಅದರಲ್ಲಿ ಹುದ್ದೆಯ ನಂಬರ್ ಇತ್ತು. ಆದರೆ ಅದು ‘ನೋ-ರಿಪ್ಲೈ’ ಎಂದು ಶುರುವಾಗುವ ವಿಳಾಸದಿಂದ ಬಂದದ್ದು. ಅಲ್ಲಿಗೆ ಬರೆದರೆ ಯಾರೂ ಓದುವುದಿಲ್ಲ. ಜಾಹೀರಾತಿನ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಎಚ್.ಆರ್. ವಿಳಾಸ ಹುಡುಕಿಕೊಂಡೆವು.

ಮರುದಿನ ಬೆಳಗ್ಗೆ ಅವಳು ಇಂಗ್ಲಿಷಿನಲ್ಲಿ ಬರೆದದ್ದರ ತಾತ್ಪರ್ಯ ಇಷ್ಟು: “ಮಾನ್ಯರೇ, ಲೆಕ್ಕಪತ್ರ ಸಹಾಯಕರ ಹುದ್ದೆಗೆ (ನಂಬರ್ ಇಂತಿಂಥದ್ದು) ನಾನು ಫೆಬ್ರವರಿ 3ರಂದು ಅರ್ಜಿ ಹಾಕಿದ್ದೆ. ಆಯ್ಕೆ ಯಾವ ಹಂತದಲ್ಲಿದೆ ಎಂದು ತಿಳಿಸಲು ಸಾಧ್ಯವೇ? ಇನ್ನೇನಾದರೂ ದಾಖಲೆ ಬೇಕಿದ್ದರೆ ಕಳಿಸುತ್ತೇನೆ.” ಕೆಳಗೆ ಹೆಸರು, ಫೋನ್ ನಂಬರ್. ‘ನಾನು ತುಂಬಾ ದಿನದಿಂದ ಕಾಯುತ್ತಿದ್ದೇನೆ’ ಎಂದು ಮೊದಲು ಸೇರಿಸಿದ್ದಳು. ಅದನ್ನು ಅವಳ ಅಜ್ಜಿ ತೆಗೆಸಿದಳು. ಓದುವವರಿಗೆ ಅದು ದೂರಿನ ಹಾಗೆ ಕೇಳಿಸುತ್ತದೆ ಎಂದು.

ಶಿವರಾತ್ರಿ ಜಾಗರಣೆ ಮುಗಿದ ಮರುದಿನ, 27ಕ್ಕೆ ಉತ್ತರ ಬಂತು. ಮಾರ್ಚ್ 6ಕ್ಕೆ ಸಂದರ್ಶನ. ಆ ಮೇಲ್ ಇಲ್ಲದಿದ್ದರೂ ಕರೆಯುತ್ತಿದ್ದರೋ ಏನೋ, ಬಲ್ಲವರಾರು? ಉತ್ತರ ಬಾರದೇ ಹೋಗಿದ್ದರೆ ಇನ್ನೊಂದು ವಾರ ಹತ್ತು ದಿನ ಬಿಟ್ಟು, ಅದೇ ಮೇಲ್‌ನ ಕೆಳಗೇ ಮತ್ತೊಮ್ಮೆ ಕೇಳಿ, ಅಲ್ಲಿಗೆ ಬಿಟ್ಟುಬಿಡುವುದೆಂದು ಮಾತಾಡಿಕೊಂಡಿದ್ದೆವು. ಎರಡು ಸಲ ಕೇಳಿಯೂ ಉತ್ತರವಿಲ್ಲವೆಂದರೆ ಅದನ್ನೇ ಉತ್ತರ ಎಂದುಕೊಳ್ಳಬೇಕು. ಸರ್ಕಾರಿ ಹುದ್ದೆಗಳ ಮಾತು ಬೇರೆ. ಕೆ.ಪಿ.ಎಸ್.ಸಿ.ಯಂಥ ಕಡೆ ವಿನಯದ ಪತ್ರದಿಂದ ಪಟ್ಟಿ ಬೇಗ ಬರುವುದಿಲ್ಲ. ಅಲ್ಲಿ ಪ್ರಕಟಣೆಗಳನ್ನೇ ನೋಡುತ್ತಿರಬೇಕು.

ಸಂದರ್ಶನದಲ್ಲಿ ಹೊರಡುವ ಮುಂಚೆ ಮೊಮ್ಮಗಳು ಒಂದು ಜಾಣತನ ಮಾಡಿದಳು. “ಯಾವಾಗ ತಿಳಿಯುತ್ತದೆ ಸರ್?” ಎಂದು ಕೇಳಿಕೊಂಡು ಬಂದಳು. “ಒಂದು ವಾರ” ಎಂದರು. ಅಂದರೆ 13. ಹೀಗೆ ಅವರೇ ದಿನ ಹೇಳಿದ ಮೇಲೆ ಅದು ದಾಟಿ ಒಂದೆರಡು ದಿನಕ್ಕೆ ಕೇಳಿದರೆ ತಪ್ಪಿಲ್ಲ.

ಅಷ್ಟರಲ್ಲಿ ರಾಜಾಜಿನಗರದ ಇನ್ನೊಂದು ಕಡೆಯಿಂದ ಕೆಲಸದ ಪತ್ರ ಬಂತು. ಅಲ್ಲಿ ಸಂಬಳ ಸ್ವಲ್ಪ ಕಡಿಮೆ. 17ರೊಳಗೆ ಒಪ್ಪಿಗೆ ತಿಳಿಸಬೇಕು. ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಪೀಣ್ಯದ ಕೆಲಸವೇ ಅವಳಿಗೆ ಇಷ್ಟ. 14ರ ಶುಕ್ರವಾರ ಬೆಳಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆದಳು: ಇನ್ನೊಂದು ಕೆಲಸಕ್ಕೆ 17ರೊಳಗೆ ಉತ್ತರಿಸಬೇಕಿದೆ, ನನಗೆ ನಿಮ್ಮಲ್ಲೇ ಸೇರುವ ಆಸೆ, ಅಷ್ಟರೊಳಗೆ ಏನಾದರೂ ತಿಳಿಸಬಹುದೇ? ಇಂಥ ನಿಜವಾದ ಗಡುವು ಇದ್ದರೆ ಕಾಯುವ ಲೆಕ್ಕ ಬದಿಗಿಟ್ಟು ಬೇಗ ಕೇಳಬಹುದು. ಇಲ್ಲದ ಗಡುವನ್ನು ಕಟ್ಟಿ ಹೇಳಬಾರದು. ‘ಹಾಗಾದರೆ ಅಲ್ಲೇ ಸೇರಿಕೊಳ್ಳಿ’ ಎಂದುಬಿಟ್ಟರೆ ಎರಡೂ ಇಲ್ಲ.

ಸಂಜೆಗೆ ಉತ್ತರ ಬಂತು. ಮೇಲಿನವರ ಒಪ್ಪಿಗೆ ಬರಲು ಇನ್ನೂ ಎರಡು ವಾರವಾಗಬಹುದು, ಈಗಲೇ ಮಾತು ಕೊಡಲಾಗದು. ಅವಳು ಆ ರಾತ್ರಿ ಸ್ವಲ್ಪ ಅತ್ತಳು. ಭಾನುವಾರ ಅಪ್ಪ ಅಮ್ಮನ ಜೊತೆ ಕೂತು ಲೆಕ್ಕ ಹಾಕಿ, ರಾಜಾಜಿನಗರವನ್ನೇ ಒಪ್ಪಿಕೊಂಡಳು. ಸೋಮವಾರ ಪೀಣ್ಯದವರಿಗೂ ಎರಡು ಸಾಲು ಬರೆದಳು: ನಾನು ಬೇರೆ ಕಡೆ ಸೇರುತ್ತಿದ್ದೇನೆ, ನಿಮ್ಮ ಸಮಯಕ್ಕೆ ಧನ್ಯವಾದ.

ಹತ್ತೇ ನಿಮಿಷದಲ್ಲಿ ಅಲ್ಲಿಂದ ಶುಭಾಶಯ ಬಂತು. “ಅಕ್ಕ, ಕೆಲಸ ಬೇಡ ಅಂದಾಗ್ಲೇ ಅವರು ಇಷ್ಟು ಬೇಗ ಉತ್ತರ ಕೊಟ್ಟಿದ್ದು!” ಎಂದು ಮೊಮ್ಮಗ ಬಿದ್ದು ಬಿದ್ದು ನಕ್ಕ. ಅವಳೂ ನಕ್ಕಳು.