ಮೊದಲು–ನಂತರದ ಚಿತ್ರದ ಕೆಳಗೆ ಏನು ಬರೆಯಬೇಕು?

ಮನೆ ನವೀಕರಣ ಮಾಡುವ ಸಣ್ಣ ಗುತ್ತಿಗೆದಾರರ ಬಳಿ ದೊಡ್ಡ ಮಳಿಗೆಯಾಗಲಿ ಜಾಹೀರಾತಿಗೆ ಹಣವಾಗಲಿ ಇರುವುದಿಲ್ಲ. ಮಾಡಿದ ಕೆಲಸದ ಎರಡು ಚಿತ್ರಗಳೇ ಅವರ ಗುರುತಿನ ಚೀಟಿ. ಒಂದು ಕೆಲಸಕ್ಕೆ ಮೊದಲಿನದು, ಇನ್ನೊಂದು ನಂತರದ್ದು. ಅವುಗಳ ಕೆಳಗೆ ಸಾಮಾನ್ಯವಾಗಿ ಕಾಣುವುದು ‘ನಿಮ್ಮ ಕನಸಿನ ಅಡುಗೆಮನೆ, ಇಂದೇ ಕರೆ ಮಾಡಿ’ ಎಂಬಂಥ ಸಾಲು. ಚಿತ್ರ ತೋರಿಸಲಾಗದ ಸಂಗತಿಗಳನ್ನು ಹೇಳಬೇಕಾದ ಜಾಗ ಅದು. ಅಲ್ಲಿ ಇಂಥ ಸಾಲು ಬಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಎಷ್ಟೋ ಕಡೆ ಕಾಣುವಂಥ ಒಂದು ಅಡುಗೆಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲಿನ ಚಿತ್ರದಲ್ಲಿ ಕಡಪ ಕಲ್ಲಿನ ಕಟ್ಟೆಯಿದೆ. ಸಿಂಕಿನ ಹಿಂದಿನ ಗೋಡೆಯಲ್ಲಿ ಬಣ್ಣ ಉಬ್ಬಿ ಉದುರಿದೆ. ನಂತರದ ಚಿತ್ರದಲ್ಲಿ ಕರಿ ಗ್ರಾನೈಟ್, ಹೊಸ ಟೈಲ್ಸ್, ಬಾಗಿಲಿರುವ ಕಪಾಟುಗಳಿವೆ. ಇದಕ್ಕೆ ಅಡಿಬರಹ ಹೀಗಿರಬಹುದು:

‘ಮೂವತ್ತು ವರ್ಷ ಹಳೆಯ ಮನೆ. ಅಡುಗೆಮನೆ 8 ಅಡಿಗೆ 10 ಅಡಿ. ಗೋಡೆಯೊಳಗಿನ ಜಿಐ ಪೈಪ್ ತುಕ್ಕು ಹಿಡಿದು ಸೋರುತ್ತಿತ್ತು. ಅದನ್ನು ತೆಗೆದು ಸಿಪಿವಿಸಿ ಪೈಪ್ ಹಾಕಿ, ಸೋರಿಕೆ ಪರೀಕ್ಷಿಸಿ, ಗೋಡೆ ಒಣಗಿದ ಮೇಲೆ ಹೊಸ ಪ್ಲಾಸ್ಟರ್ ಮಾಡಿದ್ದೇವೆ. ಕಟ್ಟೆಯ ಎತ್ತರ 30 ಇಂಚಿನಿಂದ 34ಕ್ಕೆ ಏರಿದೆ. ಕಪಾಟಿಗೆ ಐಎಸ್ 710 ಪ್ಲೈವುಡ್. ನೆಲ, ಕಿಟಕಿ ಹಳೆಯವೇ. ಚಿಮಣಿ ಮನೆಯವರು ಕೊಂಡದ್ದು. ಕೆಲಸ 24 ದಿನ. ನಂತರದ ಚಿತ್ರ: ಕೆಲಸ ಮುಗಿದ ವಾರ, ಮಾರ್ಚ್.’

ಇದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಪೈಪಿನ ಮಾತು. ಗೋಡೆಯ ತೇವಕ್ಕೆ ಕಾರಣ ಒಳಗಿನ ಸೋರಿಕೆಯಾಗಿರಬಹುದು, ಗೋಡೆಯಾಚೆಯ ಬಚ್ಚಲಾಗಿರಬಹುದು, ಹೊರಗೋಡೆಯ ಬಿರುಕಾಗಿರಬಹುದು. ಕಾರಣ ಹುಡುಕದೆ ಪುಟ್ಟಿ ಬಳಿದು ಟೈಲ್ಸ್ ಅಂಟಿಸಿದರೂ ಚಿತ್ರ ಅಷ್ಟೇ ಚೆನ್ನಾಗಿ ಬರುತ್ತದೆ. ಆದರೆ ನೀರು ಬೇರೆ ದಾರಿ ಹಿಡಿದು ಟೈಲ್ಸಿನ ಅಂಚಿನ ಆಚೆ ಬಣ್ಣವನ್ನು ಮತ್ತೆ ಉಬ್ಬಿಸುತ್ತದೆ, ಬಿಳಿ ಉಪ್ಪಿನ ಪುಡಿ ಹೊರಬರುತ್ತದೆ. ಸರಿಯಾಗಿ ಕೆಲಸ ಮಾಡುವವರು ಗೋಡೆ ಮುಚ್ಚುವ ಮೊದಲೇ ಹೊಸ ಪೈಪಿಗೆ ಪಂಪಿನಿಂದ ಒತ್ತಡ ಕೊಟ್ಟು, ಮೀಟರಿನ ಮುಳ್ಳು ಇಳಿಯುತ್ತದೆಯೇ ಎಂದು ನೋಡುತ್ತಾರೆ. ಆ ಹೊತ್ತಿನಲ್ಲಿ ತೆರೆದ ಗೋಡೆಯ ಒಂದು ಚಿತ್ರ ತೆಗೆದಿಟ್ಟರೆ ಅದು ಮೊದಲು–ನಂತರ ಎರಡಕ್ಕಿಂತಲೂ ಗಟ್ಟಿ ಸಾಕ್ಷಿ. ಮುಂದೆ ಗೋಡೆಗೆ ಮೊಳೆ ಹೊಡೆಯುವಾಗ ಪೈಪ್ ಎಲ್ಲಿದೆ ಎಂದು ಮನೆಯವರಿಗೂ ಅದರಿಂದ ಗೊತ್ತಾಗುತ್ತದೆ.

ಪ್ಲೈವುಡ್ಡಿನ ವಿಷಯವೂ ಹಾಗೆಯೇ. ಮೇಲೆ ಲ್ಯಾಮಿನೇಟ್ ಕೂತ ಮೇಲೆ ಒಳಗಿನ ಹಲಗೆ ಯಾವುದೆಂದು ಕಣ್ಣಿಗೆ ತಿಳಿಯದು. ‘ವಾಟರ್‌ಪ್ರೂಫ್’ ಎಂದಷ್ಟೇ ಬರೆದರೆ ಸಾಲದು. ಎಂಆರ್ ದರ್ಜೆಯ ಪ್ಲೈವುಡ್ ಗಾಳಿಯ ತೇವ ತಡೆಯಬಲ್ಲದು, ಆದರೆ ಸಿಂಕಿನ ಕೆಳಗೆ ನೀರು ತೊಟ್ಟಿಕ್ಕುತ್ತಿದ್ದರೆ ಪದರ ಬಿಡುತ್ತದೆ. ಐಎಸ್ 710 ಎಂಬುದು ಮರೀನ್ ಪ್ಲೈವುಡ್ಡಿನ ಭಾರತೀಯ ಮಾನಕ. ಅಡಿಬರಹದಲ್ಲಿ ಆ ಸಂಖ್ಯೆ ಇದ್ದರೆ, ಅಂಥದೇ ಕೆಲಸವನ್ನು ನಿಮ್ಮ ಮನೆಯಲ್ಲಿ ಮಾಡಿಸುವಾಗ ಹಲಗೆ ಕತ್ತರಿಸುವ ಮೊದಲು ಅದರ ಮೇಲಿನ ಐಎಸ್‌ಐ ಮುದ್ರೆ ತೋರಿಸಿ ಎಂದು ಕೇಳಬಹುದು.

‘ನೆಲ, ಕಿಟಕಿ ಹಳೆಯವೇ’ ಎಂಬ ಮಾತು ಗುತ್ತಿಗೆದಾರರಿಗೂ ರಕ್ಷಣೆ. ಅದಿಲ್ಲದಿದ್ದರೆ ಚಿತ್ರದಲ್ಲಿ ಕಂಡದ್ದೆಲ್ಲ ಅದೇ ದರದಲ್ಲಿ ಸಿಗುತ್ತದೆಂದು ಮುಂದಿನ ಗಿರಾಕಿ ಎಣಿಸುತ್ತಾರೆ. ಜಗಳ ಹುಟ್ಟುವುದೇ ಅಲ್ಲಿ. ಬದಲಾಗದ ವಸ್ತುಗಳಿಂದ ಇನ್ನೊಂದು ಉಪಯೋಗವೂ ಇದೆ: ಎರಡೂ ಚಿತ್ರ ಒಂದೇ ಕೋಣೆಯದೇ ಎಂದು ಅವುಗಳಿಂದ ತಿಳಿಯುತ್ತದೆ. ಕಿಟಕಿಯ ಸರಳು, ಬಾಗಿಲ ಚೌಕಟ್ಟು ಎರಡರಲ್ಲೂ ಒಂದೇ ಕಡೆ ಇವೆಯೇ ನೋಡಿ. ಮೊದಲಿನದನ್ನು ರಾತ್ರಿ ಮಂದ ಬಲ್ಬಿನಲ್ಲಿ ತೆಗೆದು, ನಂತರದ್ದನ್ನು ಹಗಲಿನಲ್ಲಿ ಮೊಬೈಲಿನ 0.5x ಲೆನ್ಸಿನಲ್ಲಿ ತೆಗೆದರೆ ಅದೇ ಕೋಣೆ ಹಿಗ್ಗಿದಂತೆ ಕಾಣುತ್ತದೆ. ಅಂಚಿನಲ್ಲಿರುವ ಕಪಾಟು ಅಗಲಕ್ಕೆ ಎಳೆದಂತಿದ್ದರೆ ಅದು ಲೆನ್ಸಿನ ಕೆಲಸ. ಒಂದೇ ಮೂಲೆಯಲ್ಲಿ, ಒಂದೇ ಎತ್ತರದಲ್ಲಿ, ಒಂದೇ ಲೆನ್ಸಿನಿಂದ, ಹಗಲು ಬೆಳಕಿನಲ್ಲಿ ಎರಡನ್ನೂ ತೆಗೆದರೆ ಈ ಅನುಮಾನಕ್ಕೆ ಎಡೆಯಿರದು.

ಕೊನೆಯದು ತಿಂಗಳ ಹೆಸರು. ಮಾರ್ಚಿನಲ್ಲಿ ತೆಗೆದ ಚಿತ್ರ ಕೆಲಸ ಮುಗಿದಿದೆ ಎಂದು ಹೇಳುತ್ತದೆ, ತೇವ ನಿಂತಿದೆ ಎಂದು ಹೇಳುವುದಿಲ್ಲ. ಪೈಪಿನ ಸೋರಿಕೆಯಾದರೆ ಕೆಲವು ವಾರಗಳಲ್ಲೇ ಗೊತ್ತಾದೀತು. ಹೊರಗೋಡೆಯಿಂದ ಬರುವ ತೇವ ಒಂದು ಮಳೆಗಾಲ ಕಳೆಯದೆ ಬಯಲಾಗದು. ಆದ್ದರಿಂದ ಗುತ್ತಿಗೆದಾರರು ಮನೆಯವರ ಒಪ್ಪಿಗೆ ಪಡೆದು, ವಿಳಾಸ ಹೇಳದೆ, ನವೆಂಬರಿನಲ್ಲಿ ಅದೇ ಗೋಡೆಯ ಮೂರನೆಯ ಚಿತ್ರ ಸೇರಿಸಲಿ. ಕೆಲಸ ಮಾಡಿಸುವವರು ಮುಂಗಡ ಕೊಡುವ ಮೊದಲು ಆ ಮೂರನೆಯ ಚಿತ್ರವನ್ನೇ ಕೇಳಲಿ.