ಕಮಲ ಪಾಸ್, ಲಕ್ಷ್ಮೀ ಫೇಲ್

ಕಂಪ್ಯೂಟರ್ ಪರದೆಯ ಮೇಲೆ ಒಂದು ನೋಂದಣಿ ಫಾರಂ ಇದೆ ಎಂದುಕೊಳ್ಳಿ. ಕನ್ನಡದಲ್ಲಿ ಹೆಸರು ಬರೆದರೂ ಅದು ನಡೆಯುತ್ತದೆಯೇ ಎಂದು ನೋಡಬೇಕು. ತಂತ್ರಾಂಶ ಪರೀಕ್ಷಿಸುವವರು ‘ಕಮಲ’ ಎಂದು ಟೈಪ್ ಮಾಡುತ್ತಾರೆ. ಫಾರಂ ಒಪ್ಪುತ್ತದೆ. ಕನ್ನಡ ಕೆಲಸ ಮಾಡುತ್ತಿದೆ ಎಂದು ವರದಿ ಹೋಗುತ್ತದೆ. ಮರುವಾರ ಲಕ್ಷ್ಮೀ ಎಂಬ ಹೆಸರಿನ ಮಹಿಳೆಯೊಬ್ಬರು ಅದೇ ಫಾರಂ ತುಂಬಲು ಕೂತಾಗ, ‘ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು’ ಎಂಬ ಕೆಂಪು ಸಾಲು ಬರುತ್ತದೆ.

ಈ ಉದಾಹರಣೆ ಕಲ್ಪನೆಯದ್ದಾದರೂ ಇದರ ಹಿಂದಿನ ಕಾರಣವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಪೈಥಾನ್ ಭಾಷೆಯಲ್ಲಿ, ಕೊಟ್ಟ ಪದದಲ್ಲಿರುವುದೆಲ್ಲ ಅಕ್ಷರವೇ ಎಂದು ಕೇಳುವ ಸಿದ್ಧ ಆಜ್ಞೆಯೊಂದಿದೆ.

```python
"ಕಮಲ".isalpha()                  # True
"ಲಕ್ಷ್ಮೀ".isalpha()                 # False
len("ಲಕ್ಷ್ಮೀ")                      # 7
len("ಲಕ್ಷ್ಮೀ".encode("utf-8"))      # 21
```

ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯುನಿಕೋಡ್ ವ್ಯವಸ್ಥೆಯಲ್ಲಿ ಕ, ಮ, ಲ ಎಂಬ ಮೂರೂ ‘ಅಕ್ಷರ’ ಎಂಬ ಗುಂಪಿಗೆ ಸೇರಿವೆ. ಆದರೆ ಗುಣಿತದ ಚಿಹ್ನೆಗಳು ಮತ್ತು ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆ ‘ಗುರುತು’ ಎಂಬ ಬೇರೆಯೇ ಗುಂಪಿನವು. ‘ಲಕ್ಷ್ಮೀ’ ನಮ್ಮ ಕಣ್ಣಿಗೆ ಎರಡು ಅಕ್ಷರ, ಲ ಮತ್ತು ಕ್ಷ್ಮೀ. ಯಂತ್ರದ ಪಾಲಿಗೆ ಅದು ಲ, ಕ, ವಿರಾಮ, ಷ, ವಿರಾಮ, ಮ, ಈಕಾರದ ಚಿಹ್ನೆ ಎಂಬ ಏಳು ತುಣುಕುಗಳು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ತುಣುಕಿಗೆ ಮೂರು ಬೈಟ್ ಬೇಕು, ಹಾಗಾಗಿ ಒಟ್ಟು 21 ಬೈಟ್. ಹೆಸರಿಗೆ 20 ಬೈಟ್ ಸಾಕೆಂದು ತೀರ್ಮಾನಿಸಿದ ಡೇಟಾಬೇಸಿನಲ್ಲಿ ಎರಡಕ್ಷರದ ಈ ಹೆಸರಿಗೆ ಜಾಗವಿಲ್ಲ. ಅದೇ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ Lakshmi ಎಂದು ಬರೆದರೆ ಏಳೇ ಬೈಟ್.

ಕಮಲ ಕೆಟ್ಟ ಹೆಸರೇನಲ್ಲ. ಆದರೆ ಅದರಲ್ಲಿ ಗುಣಿತವಿಲ್ಲ, ಒತ್ತಿಲ್ಲ. ತುಣುಕುಗಳ ಲೆಕ್ಕವೂ ಅಕ್ಷರಗಳ ಲೆಕ್ಕವೂ ಒಂದೇ. ಪರೀಕ್ಷೆಗೆ ಹೆಸರು ಹುಟ್ಟಿಸುವವರು ಮೊದಲು ಕಲಿಯಬೇಕಾದ ಪಾಠ ಇದು: ತಪ್ಪನ್ನು ಮುಚ್ಚಿಡುವ ಹೆಸರುಗಳೂ ಇವೆ, ಬಯಲಿಗೆಳೆಯುವ ಹೆಸರುಗಳೂ ಇವೆ.

ಹಾಗಿದ್ದರೆ ಗ್ರಾಹಕರ ನಿಜವಾದ ಪಟ್ಟಿಯನ್ನೇ ನಕಲು ಮಾಡಿಕೊಂಡರೆ ಆಗದೇ? ಹಿಂದೆ ಅನೇಕ ಕಡೆ ಹಾಗೇ ನಡೆಯುತ್ತಿತ್ತು. ಪರೀಕ್ಷೆಯ ಯಂತ್ರಗಳಿಗೆ ಕಾವಲು ಕಡಿಮೆ. ಅಲ್ಲಿಂದ ಜನರ ವಿವರ ಸೋರಿಹೋದರೆ ಅದಕ್ಕೆ ಹೊಣೆ ಹೊರಬೇಕಾಗುತ್ತದೆ. ಭಾರತದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ. ಹಳೆಯ ಪಟ್ಟಿಯಲ್ಲಿ ಇರುವುದು ಹಳೆಯ ಫಾರಂ ಒಪ್ಪಿಕೊಂಡ ಹೆಸರುಗಳು ಮಾತ್ರ. ಖಾನೆಗೆ ಹಿಡಿಸದವರು ಆಗಲೇ ತಮ್ಮ ಹೆಸರನ್ನು ಕತ್ತರಿಸಿಕೊಂಡಿರುತ್ತಾರೆ, ಚುಕ್ಕೆ ತೆಗೆದಿರುತ್ತಾರೆ, ಇಲ್ಲದ ಉಪನಾಮವನ್ನು ಹಚ್ಚಿಕೊಂಡಿರುತ್ತಾರೆ. ಆ ಪಟ್ಟಿಯಿಂದ ಪರೀಕ್ಷಿಸಿದರೆ ಹೊಸ ತಂತ್ರಾಂಶವು ಹಳೆಯದರ ತಪ್ಪುಗಳನ್ನೆಲ್ಲ ಸರಿಯೆಂದು ಒಪ್ಪಿಕೊಂಡುಬಿಡುತ್ತದೆ.

ಆದ್ದರಿಂದಲೇ ಹೆಸರುಗಳನ್ನು ಹುಟ್ಟಿಸುವ ಸಲಕರಣೆಗಳು ಬಂದವು. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಫೇಕರ್ ಎಂಬ ಹೆಸರಿನ ಲೈಬ್ರರಿಗಳು. ಪಿಎಚ್‌ಪಿ, ಪೈಥಾನ್, ರೂಬಿ ಹೀಗೆ ಹಲವು ಭಾಷೆಗಳಿಗೆ ಒಂದೊಂದಿದೆ. ಯಾವ ದೇಶದ, ಯಾವ ಭಾಷೆಯ ಹೆಸರು ಬೇಕೆಂದು ಸಂಕೇತ ಕೊಟ್ಟರೆ ಸಾಕು. ja_JP ಎಂದರೆ ಜಪಾನಿ, ta_IN ಎಂದರೆ ತಮಿಳು. ಸ್ಥೂಲವಾಗಿ ಇವು ಮಾಡುವ ಕೆಲಸ ಒಂದೇ: ಸ್ವಂತ ಹೆಸರುಗಳದ್ದೊಂದು ಪಟ್ಟಿ, ಉಪನಾಮಗಳದ್ದೊಂದು ಪಟ್ಟಿ, ಎರಡರಿಂದಲೂ ಒಂದೊಂದನ್ನು ಎತ್ತಿ ಜೋಡಿಸುವುದು.

ಸಾವಿರಾರು ಸಾಲುಗಳ ಪಟ್ಟಿಯನ್ನು ಕ್ಷಣಾರ್ಧದಲ್ಲಿ ತುಂಬಲು ಇದು ಒಳ್ಳೆಯ ದಾರಿ. ಆದರೆ ಹೆಸರೆಂದರೆ ಸ್ವಂತ ಹೆಸರಿನ ಮುಂದೆ ಉಪನಾಮ ಎಂಬ ನಂಬಿಕೆ ಈ ಜೋಡಣೆಯೊಳಗೇ ಕೂತಿದೆ. ಅದು ಎಲ್ಲಿ ಮುರಿದುಬೀಳುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ, ಕನ್ನಡದ ಇಬ್ಬರು ಕವಿಗಳು ಸಾಕು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಯಲ್ಲಿ ಸ್ವಂತ ಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮೊದಲು ಸ್ವಂತ ಹೆಸರು, ಆಮೇಲೆ ತಂದೆ, ಕೊನೆಗೆ ಮನೆತನ. ಒಂದೇ ಭಾಷೆ, ಒಂದೇ ರಾಜ್ಯ. ಕ್ರಮ ಮಾತ್ರ ತಲೆಕೆಳಗು. ‘ಮೊದಲ ಹೆಸರು’ ಹಿಡಿದು ನಮಸ್ಕಾರ ಹೇಳುವ ತಂತ್ರಾಂಶ ಬೇಂದ್ರೆಯವರನ್ನು ದತ್ತಾತ್ರೇಯ ಎಂದು ಸರಿಯಾಗಿ ಕರೆದೀತು. ಪುಟ್ಟಪ್ಪನವರನ್ನು ಅವರ ಊರಿನ ಹೆಸರು ಹಿಡಿದು ಕೂಗುತ್ತದೆ.

ನೈಜ ಹೆಸರು ಬೇಕೆಂದರೆ ಪಟ್ಟಿಗಿಂತ ಮುಂಚೆ ಅಚ್ಚು ಬೇಕು. ಹಳೆ ಮೈಸೂರಿನ ಅಚ್ಚಿನಿಂದ ಹೆಸರು ಹುಟ್ಟಿಸುವ ಪುಟ್ಟ ಪ್ರಯೋಗ ಹೀಗಿರಬಹುದು:

```python
import random
r = random.Random(57)
place  = ["ಅರಕೆರೆ", "ಹೊಸಹಳ್ಳಿ", "ಬೆಳ್ಳೂರು"]
father = ["ನಂಜಪ್ಪ", "ಕೃಷ್ಣೇಗೌಡ", "ಶ್ರೀನಿವಾಸಯ್ಯ"]
given  = ["ಲಕ್ಷ್ಮೀ", "ಜ್ಯೋತಿ", "ರಾಜ್‌ಕುಮಾರ್"]
print(r.choice(place), r.choice(father), r.choice(given))
```

ಮೂರು ಪಟ್ಟಿಗಳಲ್ಲಿ ಮೂರು ಮೂರು ಪದಗಳಿಂದ 27 ಹೆಸರು. ಒಂದೊಂದರಲ್ಲಿ 50 ಇದ್ದರೆ 1,25,000. ಉತ್ತರ ಕರ್ನಾಟಕಕ್ಕೆ ಇದೇ ಪಟ್ಟಿಗಳನ್ನು ಹಿಂದುಮುಂದು ಮಾಡಿದರೆ ಸಾಲದು. ಊರಿನ ಜಾಗಕ್ಕೆ ಮನೆತನದ ಹೆಸರುಗಳ ಬೇರೆ ಪಟ್ಟಿ ಬೇಕು. ಇನಿಷಿಯಲ್ ಮಾತ್ರ ಬರೆಯುವವರಿಗೆ ಮೂರನೆಯ ಅಚ್ಚು, ಒಂದೇ ಹೆಸರಿನವರಿಗೆ ನಾಲ್ಕನೆಯದು. ಎರಡನೆಯ ಸಾಲಿನ 57 ಎಂಬ ಅಂಕಿಯನ್ನು ಬೀಜ ಎನ್ನುತ್ತಾರೆ. ಬೀಜ ಅದೇ ಇದ್ದು ಪಟ್ಟಿ ಬದಲಾಗದಿದ್ದರೆ, ಎಷ್ಟು ಸಲ ಓಡಿಸಿದರೂ ಹೆಸರುಗಳು ಅದೇ ಕ್ರಮದಲ್ಲಿ ಬರುತ್ತವೆ. ಇವತ್ತು ಒಂದು ಹೆಸರಿನಿಂದ ತಂತ್ರಾಂಶ ಕುಸಿದರೆ ನಾಳೆ ಅದೇ ಹೆಸರನ್ನು ಮತ್ತೆ ಹುಟ್ಟಿಸಿ ಕಾರಣ ಹುಡುಕಬೇಕಲ್ಲ, ಅದಕ್ಕೇ ಬೀಜ.

ಮೇಲಿನ ಪಟ್ಟಿಯಲ್ಲಿ ‘ರಾಜ್‌ಕುಮಾರ್’ ಸುಮ್ಮನೆ ಬಂದು ಕೂತಿದ್ದಲ್ಲ. ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯಿದೆ. ಕ ಎಂಬುದು ಜ ಕೆಳಗೆ ಒತ್ತಾಗಿ ಇಳಿಯದಂತೆ ಅದು ತಡೆಯುತ್ತದೆ. ಯುನಿಕೋಡ್‌ನಲ್ಲಿ ಅದರ ಸಂಖ್ಯೆ U+200C. ಕಾಣದ್ದೆಲ್ಲ ಕಸ ಎಂದು ಅಳಿಸಿಹಾಕುವ ತಂತ್ರಾಂಶದಲ್ಲಿ ಈ ಹೆಸರು ‘ರಾಜ್ಕುಮಾರ್’ ಆಗುತ್ತದೆ. ಒಬ್ಬರು ಆ ಚಿಹ್ನೆ ಹಾಕಿ ಬರೆದು, ಇನ್ನೊಬ್ಬರು ಹಾಕದೆ ಹುಡುಕಿದರೆ ‘ದಾಖಲೆ ಇಲ್ಲ’ ಎಂಬ ಉತ್ತರ ಬರಬಹುದು. ಲಕ್ಷ್ಮೀಯ ಈಕಾರದಲ್ಲೂ ಇಂಥದೇ ಬಲೆ ಇದೆ. ಅದನ್ನು ಒಂದೇ ತುಣುಕಾಗಿ ಬರೆಯಬಹುದು, ಇಕಾರದ ಗುಡಿಸು ಮತ್ತು ದೀರ್ಘ ಎಂಬ ಎರಡು ತುಣುಕಾಗಿಯೂ ಬರೆಯಬಹುದು. ಎರಡೂ ಒಂದೇ ಎಂದು ಯುನಿಕೋಡ್ ನಿಯಮ ಹೇಳುತ್ತದೆ. ಆದರೆ ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರದ ತಂತ್ರಾಂಶಕ್ಕೆ ಏಳು ತುಣುಕಿನ ಲಕ್ಷ್ಮೀ ಬೇರೆ, ಎಂಟು ತುಣುಕಿನ ಲಕ್ಷ್ಮೀ ಬೇರೆ. ಹಾಗಾಗಿ ಪರೀಕ್ಷೆಯ ಪಟ್ಟಿಯಲ್ಲಿ ಇಬ್ಬರೂ ಇರಬೇಕು.

ಹೊರದೇಶದ ಹೆಸರುಗಳಿಗೆ ಹೋದರೆ ಬಲೆಗಳು ಬೇರೆ, ಹಿಡಿಯುವ ರೀತಿ ಅದೇ. ಇಂಡೊನೇಷ್ಯಾದ ಮೊದಲ ಅಧ್ಯಕ್ಷ ಸುಕರ್ಣೊ, ಎರಡನೆಯ ಅಧ್ಯಕ್ಷ ಸುಹಾರ್ತೊ. ಇಬ್ಬರದ್ದೂ ಒಂದೇ ಪದದ ಹೆಸರು. ‘ಉಪನಾಮ ಕಡ್ಡಾಯ’ ಎಂಬ ಖಾನೆಯ ಮುಂದೆ ಅವರು ಏನನ್ನೂ ಬರೆಯಲಾರರು. ಐಸ್ಲ್ಯಾಂಡಿನವರ ಎರಡನೆಯ ಪದ ಸಾಮಾನ್ಯವಾಗಿ ತಂದೆಯ ಹೆಸರಿನಿಂದ ಆದದ್ದು, ಅಣ್ಣನಿಗೂ ತಂಗಿಗೂ ಅದರ ಕೊನೆ ಬೇರೆ ಬೇರೆ. ಟರ್ಕಿ ಭಾಷೆಯಲ್ಲಿ ಚುಕ್ಕೆಯಿರುವ i, ಚುಕ್ಕೆಯಿಲ್ಲದ ı ಎರಡು ಪ್ರತ್ಯೇಕ ಅಕ್ಷರಗಳು. ಅಲ್ಲಿ Ali ಎಂಬುದನ್ನು ದೊಡ್ಡಕ್ಷರಕ್ಕೆ ತಂದರೆ ALİ ಆಗಬೇಕೇ ಹೊರತು ALI ಅಲ್ಲ. ಅರಬ್ಬಿ ಹೆಸರು ಬಲದಿಂದ ಎಡಕ್ಕೆ ಓಡುವುದರಿಂದ, ಅದರ ಪಕ್ಕ ಖಾತೆಯ ಸಂಖ್ಯೆಯೊಂದು ಬಂದರೆ ಪರದೆಯ ಮೇಲೆ ಎರಡೂ ಜಾಗ ಬದಲಿಸಿಕೊಳ್ಳಬಹುದು. ಜಪಾನಿನ ಕೆಲವು ಉಪನಾಮಗಳಲ್ಲಿ ಬರುವ 𠮷 ಎಂಬ ಅಕ್ಷರಕ್ಕೆ ನಾಲ್ಕು ಬೈಟ್ ಬೇಕು. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ utf8 ಎಂದು ಕರೆಯುತ್ತಿದ್ದ ಹಳೆಯ ಕ್ರಮ ಮೂರು ಬೈಟ್‌ಗೆ ನಿಲ್ಲುತ್ತಿತ್ತು. ಅದಕ್ಕೇ ಆಮೇಲೆ utf8mb4 ಬಂತು. ಕನ್ನಡಕ್ಕೆ ಮೂರು ಬೈಟ್ ಸಾಕಾದ್ದರಿಂದ ಎಷ್ಟು ಲಕ್ಷ ಕನ್ನಡ ಹೆಸರು ಹಾಕಿದರೂ ಈ ತಪ್ಪು ಸಿಕ್ಕುತ್ತಿರಲಿಲ್ಲ.

ಉದ್ದದ ವಿಷಯದಲ್ಲಿ ಅಮೆರಿಕದ ಹವಾಯಿಯ ಪ್ರಸಂಗ ಹೆಸರುವಾಸಿ. ಅಲ್ಲಿನ ಮಹಿಳೆಯೊಬ್ಬರ ಉಪನಾಮದಲ್ಲಿ 35 ಅಕ್ಷರಗಳು, ಜೊತೆಗೆ ಉಚ್ಚಾರದ ಒಂದು ಗುರುತು. ಚಾಲನಾ ಪರವಾನಗಿಯಲ್ಲಿ ಇದ್ದದ್ದು 35 ಜಾಗ. ಕಾರ್ಡಿನಲ್ಲಿ ಉಪನಾಮದ ಕೊನೆಯ ಅಕ್ಷರ ಕತ್ತರಿಸಿಹೋಯಿತು, ಮೊದಲ ಹೆಸರಂತೂ ಇರಲೇ ಇಲ್ಲ. 2013ರಲ್ಲಿ ಸುದ್ದಿಯಾದ ಮೇಲೆ ರಾಜ್ಯವು ಮಿತಿಯನ್ನು 40ಕ್ಕೆ ಏರಿಸಿತು. ಒಂದು ಅಕ್ಷರದಿಂದ ತಪ್ಪಿದ ಲೆಕ್ಕ ಅದು. ಹಾಗಾಗಿ ಅನುಭವಿಗಳು ‘ಬಹಳ ಉದ್ದದ ಹೆಸರು’ ಎಂದು ಅಂದಾಜಿನಲ್ಲಿ ಒಂದನ್ನು ಹಾಕುವುದಿಲ್ಲ. ಮಿತಿ 40 ಇದ್ದರೆ 39, 40, 41 ಅಕ್ಷರಗಳ ಮೂರು ಹೆಸರು ಕಟ್ಟುತ್ತಾರೆ. ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿರುತ್ತವೆ. ಮೊದಲ ಸಾಲಿನ 44 ಜಾಗಗಳಲ್ಲಿ ಹೆಸರಿಗೆ ಸಿಗುವುದು 39. ಪ್ರಯಾಣದ ತಂತ್ರಾಂಶಕ್ಕೆ ಆ ಅಂಕಿಯೇ ಗೆರೆ. ಕನ್ನಡ ಲಿಪಿಗೆ ಇದೇ ಲೆಕ್ಕವನ್ನು ಬೈಟ್‌ನಲ್ಲಿ ಬೇರೆ, ತುಣುಕುಗಳಲ್ಲಿ ಬೇರೆ ಮಾಡಬೇಕು. ಗಿಡ್ಡ ಹೆಸರುಗಳನ್ನೂ ಮರೆಯುವಂತಿಲ್ಲ. Ng ಎಂಬ ಚೀನೀ ಮೂಲದ ಉಪನಾಮದಲ್ಲಿ ಎರಡೇ ಅಕ್ಷರ, ಸ್ವರವೇ ಇಲ್ಲ. ‘ಕನಿಷ್ಠ ಮೂರು ಅಕ್ಷರ’ ಎಂಬ ನಿಯಮ ಅವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ.

ಹೆಸರು ಖಾನೆಯೊಳಗೆ ಹೋಯಿತೆಂದರೆ ಪರೀಕ್ಷೆ ಮುಗಿದಂತಲ್ಲ. ಉಳಿಸಿದ್ದನ್ನು ಮತ್ತೆ ತೆಗೆದು, ಕೊಟ್ಟದ್ದೂ ಬಂದದ್ದೂ ಒಂದೇ ಎಂದು ಹೋಲಿಸಬೇಕು. ಹುಡುಕಿದರೆ ಸಿಗುತ್ತದೆಯೇ, ಅಕಾರಾದಿಯಲ್ಲಿ ಸರಿಯಾದ ಜಾಗದಲ್ಲಿ ಕೂರುತ್ತದೆಯೇ ಎಂದು ನೋಡಬೇಕು. ಕೊನೆಗೆ ರಸೀದಿ ಮುದ್ರಿಸಿ ಕಣ್ಣಿನಿಂದಲೇ ಓದಬೇಕು. ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಆ ಲಿಪಿಯ ಫಾಂಟ್ ಇಲ್ಲವೆಂದರ್ಥ. ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ದಾರಿಯಲ್ಲೆಲ್ಲೋ ಲಿಪಿಯೇ ಕಳೆದುಹೋಗಿದೆ. ಪ್ರೊಫೈಲಿನ ದುಂಡನೆಯ ಚಿತ್ರದಲ್ಲಿ ‘ಶ್ರೀನಿವಾಸ’ನ ಬದಲು ಬರೀ ‘ಶ’ ಕಂಡರೆ, ಯಾರೋ ಮೊದಲ ಅಕ್ಷರದ ಬದಲು ಮೊದಲ ತುಣುಕನ್ನು ಕತ್ತರಿಸಿದ್ದಾರೆ.

ಯಂತ್ರ ಹುಟ್ಟಿಸುವ ಸಾವಿರಾರು ಹೆಸರುಗಳ ಪಕ್ಕದಲ್ಲಿ, ಕೈಯಲ್ಲಿ ಆರಿಸಿದ ನಲವತ್ತೈವತ್ತು ಹೆಸರುಗಳ ಸ್ಥಿರ ಪಟ್ಟಿಯೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಪ್ರತಿ ಹೆಸರಿನ ಮುಂದೆ ಅದು ಯಾಕಿದೆ ಎಂಬ ಟಿಪ್ಪಣಿ ಇರಬೇಕು: ‘ಕಾಣದ ಚಿಹ್ನೆ’, ‘ಉಪನಾಮ ಇಲ್ಲ’, ‘ನಾಲ್ಕು ಬೈಟ್’. ಇಲ್ಲದಿದ್ದರೆ ಮುಂದೆ ಬಂದವರು ವಿಚಿತ್ರವಾಗಿದೆ ಎಂದು ಅಳಿಸಿಬಿಡುತ್ತಾರೆ. ಬಳಕೆದಾರರೊಬ್ಬರಿಂದ ‘ನನ್ನ ಹೆಸರು ತುಂಡಾಗಿದೆ’ ಎಂಬ ದೂರು ಬಂದಾಗ ಆ ವ್ಯಕ್ತಿಯ ಹೆಸರನ್ನೇ ಪಟ್ಟಿಗೆ ಸೇರಿಸುವುದಿಲ್ಲ. ಅಷ್ಟೇ ಉದ್ದದ, ಅದೇ ಜಾಗದಲ್ಲಿ ಅದೇ ಒತ್ತಿರುವ ಇನ್ನೊಂದು ಹೆಸರನ್ನು ಕಟ್ಟಿ, ಅದರಿಂದಲೂ ಫಾರಂ ಮುರಿಯುತ್ತದೆ ಎಂದು ಖಚಿತಪಡಿಸಿಕೊಂಡು, ಆಮೇಲೆ ಪಟ್ಟಿಯಲ್ಲಿ ಬರೆದಿಡುತ್ತಾರೆ.