ಹಳೇ ಬಿಲ್ಲು ಅಡಗಿದ್ದ ಜಾಗ

ದಾವಣಗೆರೆಯಲ್ಲಿ ಬಿಸ್ಕತ್ತು, ಸೋಪು, ಚಹಾಪುಡಿ ಹಂಚುವ ವಿತರಕರೊಬ್ಬರ ಲೆಕ್ಕಪತ್ರ ನೋಡಿಕೊಳ್ಳುವಾಗ ಒಂದು ಒಗಟು ಎದುರಾಯಿತು. ಅವರ ಕಂಪನಿ ಮಾಲು ಕಳಿಸುವ ಮೊದಲೇ ದುಡ್ಡು ಕೇಳುತ್ತದೆ. ಇವರು ಕಿರಾಣಿ ಅಂಗಡಿಗಳಿಗೆ 21 ದಿನದ ವಾಯಿದೆಯ ಮೇಲೆ ಉದ್ರಿ ಕೊಡುತ್ತಾರೆ. ಬಾಕಿ ಪಟ್ಟಿ ನೋಡಿದರೆ ಬಹುಪಾಲು ಅಂಗಡಿಗಳು ಉದ್ರಿ ಮಿತಿಯ ಒಳಗೇ ಇದ್ದವು, ವಾರವಾರವೂ ಜಮಾ ಬರುತ್ತಿತ್ತು. ಆದರೂ ಕಂಪನಿಗೆ ಹಣ ಕಟ್ಟುವ ದಿನ ಕೈಯಲ್ಲಿ ಕಾಸಿರುತ್ತಿರಲಿಲ್ಲ. ‘ಎಲ್ಲರೂ ಕೊಡ್ತಾನೇ ಇದಾರೆ, ಮತ್ತೆ ದುಡ್ಡು ಎಲ್ಲಿ ನಿಂತಿದೆ ಸಾರ್?’ ಎಂದು ಯಜಮಾನರು ಕೇಳಿದರು.

ಅವರ ಬಳಿ ಏಜಿಂಗ್ ರಿಪೋರ್ಟ್ ಇತ್ತು. ಬಾಕಿಯನ್ನು ವಯಸ್ಸಿನ ಪ್ರಕಾರ 30, 60, 90 ದಿನಗಳ ಕಂಬಗಳಲ್ಲಿ ಹಂಚಿ ತೋರಿಸುವ ಪಟ್ಟಿ ಅದು. ಮೊದಲು ಕಣ್ಣಿಗೆ ಬಿದ್ದದ್ದು ಅದರ ಎಣಿಕೆ ಶುರುವಾಗುವ ದಿನ. ಅದು ಬಿಲ್ಲಿನ ತಾರೀಖಿನಿಂದ ಎಣಿಸುತ್ತಿತ್ತು. ಹಾಗೆ ಎಣಿಸಿದರೆ, ಮೊದಲ ಕಂಬದಲ್ಲಿರುವ 20 ದಿನದ ಬಿಲ್ಲಿಗೂ 29 ದಿನದ ಬಿಲ್ಲಿಗೂ ವ್ಯತ್ಯಾಸ ಕಾಣುವುದಿಲ್ಲ. 21 ದಿನದ ವಾಯಿದೆಯಲ್ಲಿ ಮೊದಲನೆಯದನ್ನು ಕೇಳುವ ಹಕ್ಕೇ ಇನ್ನೂ ಬಂದಿಲ್ಲ, ಎರಡನೆಯದು 8 ದಿನ ಮೀರಿದೆ. ಆದ್ದರಿಂದ ವಾಯಿದೆ ಮುಗಿದ ದಿನದಿಂದ ಎಣಿಸುವಂತೆ ರಿಪೋರ್ಟನ್ನು ಬದಲಿಸಿದೆವು. ಚಿತ್ರ ಸ್ವಲ್ಪ ಸ್ಪಷ್ಟವಾಯಿತು, ಆದರೆ ಒಗಟು ಬಿಡಲಿಲ್ಲ.

ನಿಜವಾದ ಸುಳಿವು ಸಿಕ್ಕಿದ್ದು ರಿಪೋರ್ಟಿನ ಕೊನೆಯ ಸಾಲಿನಲ್ಲಿ. ಅಲ್ಲಿ ‘ಆನ್ ಅಕೌಂಟ್’ ಎಂಬ ಹೆಸರಿನಲ್ಲಿ ದೊಡ್ಡ ಮೊತ್ತವೊಂದು ಕೂತಿತ್ತು. ಬಂದ ಹಣ ಯಾವ ಬಿಲ್ಲಿನದು ಎಂದು ತೋರಿಸದೆ ಅಂಗಡಿಯ ಖಾತೆಗೆ ಸುಮ್ಮನೆ ಜಮಾ ಮಾಡಿದ ಮೊತ್ತ ಅದು. ಸೇಲ್ಸ್‌ಮನ್ ಸಂಜೆ ಹಣ ತಂದುಕೊಟ್ಟಾಗ, ಬಿಲ್ ಹುಡುಕುವ ಪುರುಸೊತ್ತಿಲ್ಲದೆ ಗುಮಾಸ್ತರು ಹಾಗೆ ಬರೆಯುತ್ತಿದ್ದರು. ಆಮೇಲೆ ರಿಪೋರ್ಟ್ ತಯಾರಿಸುವ ಸ್ಪ್ರೆಡ್‌ಶೀಟ್ ಆ ಹಣವನ್ನು ಅತಿ ಹಳೆಯ ಬಿಲ್ಲಿನಿಂದ ಶುರುಮಾಡಿ ತಾನೇ ಹಂಚಿಬಿಡುತ್ತಿತ್ತು.

ಒಂದು ಅಂಗಡಿಯ ಖಾತೆಯನ್ನು ರಸೀದಿ ಪುಸ್ತಕದ ಜೊತೆ ಇಟ್ಟು ಸಾಲುಸಾಲಾಗಿ ತಾಳೆ ಹಾಕಿದೆವು. ಸೆಪ್ಟೆಂಬರ್ 30ಕ್ಕೆ ಆ ಅಂಗಡಿಯ ಬಾಕಿ 60,000 ರೂಪಾಯಿ, ಉದ್ರಿ ಮಿತಿ 75,000. ಸ್ಪ್ರೆಡ್‌ಶೀಟಿನ ಪ್ರಕಾರ ಅತಿ ಹಳೆಯ ಬಾಕಿ ಆಗಸ್ಟ್ 21ರ ಬಿಲ್ಲಿನಲ್ಲಿ ಉಳಿದ 18,400 ರೂಪಾಯಿ. ಅದರ ವಾಯಿದೆ ಸೆಪ್ಟೆಂಬರ್ 11, ಅಂದರೆ ಮೀರಿದ್ದು 19 ದಿನ. ಯಾರೂ ಗಾಬರಿಯಾಗುವ ಸಂಗತಿಯಲ್ಲ.

ರಸೀದಿ ಪುಸ್ತಕ ಬೇರೆಯೇ ಕತೆ ಹೇಳಿತು. ಪ್ರತಿ ರಸೀದಿಯಲ್ಲೂ ಸೇಲ್ಸ್‌ಮನ್ ಬಿಲ್ ನಂಬರ್ ಬರೆದಿದ್ದ. ಅಂಗಡಿಯವರು ಹೊಸ ಬಿಲ್ಲುಗಳನ್ನು ಒಂದೊಂದಾಗಿ ತೀರಿಸುತ್ತಾ ಬಂದಿದ್ದರು, ಆಗಸ್ಟ್ 21ರದ್ದೂ ಪೂರ್ತಿ ತೀರಿತ್ತು. ನಿಂತಿದ್ದದ್ದು ಜೂನ್ 20ರ 18,400 ರೂಪಾಯಿಯ ಬಿಲ್ಲು. ಅದರ ವಾಯಿದೆ ಜುಲೈ 11, ಮೀರಿದ್ದು 81 ದಿನ. ಉಳಿದ 41,600 ಸೆಪ್ಟೆಂಬರಿನ ಎರಡು ಬಿಲ್ಲುಗಳದ್ದು, ಅವುಗಳಲ್ಲಿ ಒಂದರ ವಾಯಿದೆ ಇನ್ನೂ ಬಂದಿರಲಿಲ್ಲ. ಮೊತ್ತ ಅದೇ 60,000. ಆದರೆ 81 ದಿನದ ಬಿಲ್ಲೊಂದು 19 ದಿನದ ಬಿಲ್ಲಿನ ವೇಷದಲ್ಲಿ ಅಡಗಿ ಕೂತಿತ್ತು.

ಬಂದ ಹಣ ಯಾವ ಸಾಲಕ್ಕೆ ಸೇರಬೇಕು ಎಂಬುದು ಹಳೆಯ ವ್ಯಾಜ್ಯ. ಇಂಗ್ಲೆಂಡಿನಲ್ಲಿ 1816ರಲ್ಲಿ ತೀರ್ಪಾದ ಕ್ಲೇಟನ್ ಪ್ರಕರಣದಿಂದ, ಚಾಲ್ತಿ ಖಾತೆಗೆ ಬಂದ ಹಣ ಮೊದಲು ಹಳೆಯ ಬಾಬ್ತಿಗೆ ಸಲ್ಲುತ್ತದೆ ಎಂಬ ಸೂತ್ರ ಹೆಸರಾಯಿತು. ನಮ್ಮ 1872ರ ಕರಾರು ಕಾಯ್ದೆ ಇದಕ್ಕೆ ಮೂರು ಮೆಟ್ಟಿಲು ಇಟ್ಟಿದೆ. 59ನೇ ಕಲಮಿನ ಪ್ರಕಾರ, ಹಣ ಕೊಡುವವನು ಇಂಥ ಸಾಲಕ್ಕೆ ಎಂದು ಹೇಳಿಕೊಟ್ಟರೆ, ತೆಗೆದುಕೊಂಡವನು ಅದಕ್ಕೇ ಜಮಾ ಮಾಡಬೇಕು. ಕೊಡುವವನು ಏನೂ ಹೇಳದಿದ್ದರೆ, ಸಂದರ್ಭದಿಂದಲೂ ತಿಳಿಯದಿದ್ದರೆ, ಸಾಲ ಕೊಟ್ಟವನು ಆರಿಸಬಹುದು ಎನ್ನುತ್ತದೆ 60ನೇ ಕಲಮು. ಇಬ್ಬರೂ ಆರಿಸದಿದ್ದಾಗ ಮಾತ್ರ ಹಳೆಯದು ಮೊದಲು ಎಂಬ 61ನೇ ಕಲಮು ಬರುತ್ತದೆ. ರಸೀದಿಯಲ್ಲಿ ಬಿಲ್ ನಂಬರ್ ಇದ್ದ ಮೇಲೆ ಆ ಕೊನೆಯ ಮೆಟ್ಟಿಲಿಗೆ ಹೋಗುವ ಹಾಗೇ ಇಲ್ಲ. ಸ್ಪ್ರೆಡ್‌ಶೀಟ್ ಮಾತ್ರ ನೇರವಾಗಿ ಅಲ್ಲಿಗೇ ಹಾರುತ್ತಿತ್ತು.

ಹಾಗಾದರೆ ಜೂನ್ ಬಿಲ್ಲು ನಿಂತದ್ದೇಕೆ? ಅಂಗಡಿಗೆ ಹೋಗಿ ಕೇಳಿದೆವು. ‘ನೋಡಿ ಅಣ್ಣಾ, ಎಕ್ಸ್‌ಪೈರಿ ಆದ ಬಿಸ್ಕತ್ತು 4,200 ರೂಪಾಯಿದು ವಾಪಸ್ ಕಳಿಸಿದೀನಿ. ಅದರ ಲೆಕ್ಕ ಮುಗಿಸಿ, ಬಿಲ್ ಚುಕ್ತಾ ಮಾಡ್ತೀನಿ’ ಎಂದರು. ಮಾಲು ವಾಪಸ್ ಬಂದದ್ದು ನಿಜ, ಅದಕ್ಕೆ ಕ್ರೆಡಿಟ್ ನೋಟ್ ಆಗಿರಲಿಲ್ಲ. 4,200ರ ತಕರಾರಿಗೆ 18,400 ಸಿಕ್ಕಿಕೊಂಡಿತ್ತು. ಕ್ರೆಡಿಟ್ ನೋಟ್ ಮಾಡಿ ಕೊಟ್ಟ ಮೇಲೆ ಉಳಿದ 14,200 ಬಂತು. ಬೇರೆ ಅಂಗಡಿಗಳ ಖಾತೆ ಬಿಡಿಸಿದಾಗಲೂ ಇಂಥವೇ ಹೊರಬಿದ್ದವು: ವಾಪಸಾದ ಮಾಲು, ಕೊಡದೆ ಉಳಿದ ಸ್ಕೀಮ್ ರಿಯಾಯಿತಿ, ಕಡಿಮೆ ಬಂದ ಪೆಟ್ಟಿಗೆ. ಯಜಮಾನರ ದುಡ್ಡು ನಿಂತದ್ದು ಅಲ್ಲೇ.

ಇದು ತಿಳಿದ ಮೇಲೆ ನೆನಪೋಲೆಯ ಕ್ರಮವನ್ನು ಹೊಸದಾಗಿ ಕಟ್ಟಿದೆವು. ಒಟ್ಟು ಬಾಕಿಯನ್ನು ನೋಡದೆ, ಅಂಗಡಿಯ ಅತಿ ಹಳೆಯ ಬಿಲ್ಲು ಎಷ್ಟು ದಿನ ಮೀರಿದೆ ಎಂಬುದರ ಮೇಲೆ ಮೆಟ್ಟಿಲು ಏರಬೇಕು. ವಾಯಿದೆಗೆ 3 ದಿನ ಮೊದಲು ಬಿಲ್ ನಂಬರ್, ಮೊತ್ತ, ತಾರೀಖು ಇರುವ ವಾಟ್ಸಾಪ್ ಸಂದೇಶ ಹೋಗುತ್ತದೆ. ಮೀರಿದ ಮೊದಲ ವಾರ ಸೇಲ್ಸ್‌ಮನ್ ತನ್ನ ಬೀಟಿನಲ್ಲಿ ಬಿಲ್ಲಿನ ಪ್ರತಿ ಹಿಡಿದು ಕೇಳುತ್ತಾನೆ. 8ನೇ ದಿನದಿಂದ ಆಫೀಸಿನ ಫೋನು, 16ರಿಂದ ಯಜಮಾನರ ಮಾತು ಮತ್ತು ನಗದಿಗೆ ಮಾತ್ರ ಮಾಲು, 30 ದಾಟಿದರೆ ಮಾಲು ಬಂದ್. 60 ದಾಟಿದರೆ ಬಾಕಿ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತೇವೆ. ದಾವಾ ಹೂಡಲು ಇರುವ 3 ವರ್ಷದ ಅವಧಿ ಮುಗಿಯುವ ಮೊದಲು ಇಂಥ ಸಹಿ ಸಿಕ್ಕರೆ, ಅಂದಿನಿಂದ ಅವಧಿ ಹೊಸದಾಗಿ ಶುರುವಾಗುತ್ತದೆ.

ಎರಡು ಕಡೆ ಮೆಟ್ಟಿಲನ್ನು ಮುರಿಯಬೇಕಾಯಿತು. ತಕರಾರಿನ ಬಿಲ್ಲಿಗೆ ಗುರುತು ಹಾಕಿ, ತಕರಾರಿನಷ್ಟು ಮೊತ್ತಕ್ಕೆ ನೆನಪೋಲೆ ನಿಲ್ಲಿಸುತ್ತೇವೆ. ಅದನ್ನು ಯಾರು, ಯಾವ ತಾರೀಖಿನೊಳಗೆ ಬಗೆಹರಿಸಬೇಕೆಂದು ಪಕ್ಕದಲ್ಲೇ ಬರೆಯುತ್ತೇವೆ. ತಾರೀಖಿಲ್ಲದಿದ್ದರೆ ಆ ಗುರುತೇ ಬಾಕಿ ಅಡಗುವ ಹೊಸ ಜಾಗವಾಗುತ್ತದೆ. ಎರಡನೆಯದು ಚೆಕ್ಕು. ಅದು ಪಾಸಾಗುವವರೆಗೆ ಬಿಲ್ಲು ತೀರಿದ ಹಾಗಲ್ಲ, ವಾಪಸಾದರೆ ಬಿಲ್ಲು ಹಳೆಯ ವಾಯಿದೆಯ ತಾರೀಖಿನೊಂದಿಗೇ ಪಟ್ಟಿಗೆ ಮರಳಬೇಕು. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕೆಂದು ಕಾಯ್ದೆ ಹೇಳುವುದರಿಂದ, ಇಲ್ಲಿ ಫೋನಿನ ಸರದಿ ಕಾಯುತ್ತಾ ಕೂರಲಾಗದು.

ನೀವೂ ವಿತರಕರಾಗಿದ್ದರೆ ಈ ತಿಂಗಳ ಏಜಿಂಗ್ ರಿಪೋರ್ಟಿನ ಕೊನೆಯ ಸಾಲನ್ನು ಮೊದಲು ಓದಿ. ‘ಆನ್ ಅಕೌಂಟ್’ ಮೊತ್ತ ದೊಡ್ಡದಿದ್ದರೆ ಮೇಲಿನ ಯಾವ ಕಂಬವನ್ನೂ ನಂಬಬೇಡಿ. ರಸೀದಿ ಪುಸ್ತಕ ತೆಗೆದು ಪ್ರತಿ ಜಮಾವನ್ನೂ ಅದರ ಬಿಲ್ಲಿಗೆ ಸೇರಿಸಿ, ಆಮೇಲೆ ನೆನಪೋಲೆ ಕಳಿಸಿ.